ನಾಳೆಗೆ ಹುಣಸೆ ಬೀಜಗಳು

ಕೊಪ್ಪಳದ ನಮ್ಮ ಶಾಲೆಯ ಐದು ವರ್ಷದ ಮಕ್ಕಳಿಗಾಗಿ ಹುಣಸೆ ಬೀಜಗಳನ್ನು ತೊಳೆದು ಒಣಗಿಸಿದ್ದೇನೆ. ಇಪ್ಪತ್ತರವರೆಗೆ ಹಾಡಿನಂತೆ ಹೇಳುವ ಮಗುವೂ "ಏಳು ಬೀಜ ಕೊಡು" ಎಂದರೆ ಹಿಡಿ ತುಂಬ ಎತ್ತಿ ಕೊಡುವುದುಂಟು. ಎಣಿಸಿ ಮುಗಿಸಿದ ಮೇಲೆ "ಒಟ್ಟು ಎಷ್ಟು?" ಎಂದು ಕೇಳಿದಾಗ ಮತ್ತೆ ಒಂದರಿಂದ ಶುರು ಮಾಡಿದರೆ, ಕೊನೆಗೆ ಹೇಳಿದ ಸಂಖ್ಯೆಯೇ ಇಡೀ ಗುಂಪಿನ ಲೆಕ್ಕ ಎಂಬುದು ಇನ್ನೂ ಹೊಳೆದಿಲ್ಲ ಎಂದೇ ನಾನು ತಿಳಿಯುತ್ತೇನೆ.

ಆದ್ದರಿಂದ ನಾಳೆ, ಎಣಿಸಿದ ಪ್ರತಿ ಬೀಜವನ್ನೂ ಬಟ್ಟಲಿಗೆ ಹಾಕಿಸುತ್ತೇನೆ. ಬರಿ ಬೆರಳು ತೋರಿಸಿ ಎಣಿಸಿದರೆ ಒಂದೇ ಬೀಜಕ್ಕೆ ಎರಡು ಸಂಖ್ಯೆ ಬಿದ್ದುಬಿಡುತ್ತದೆ. ಆಮೇಲೆ ಅದೇ ಐದು ಬೀಜಗಳನ್ನು ದೂರ ದೂರ ಹರಡಿ "ಈಗ ಎಷ್ಟು?" ಎನ್ನುವುದು. ಹೆಚ್ಚಾಯಿತು ಎನ್ನುವ ಮಗುವನ್ನು ನಾನು ತಿದ್ದುವುದಿಲ್ಲ, ಅದರ ಕೈಯಿಂದಲೇ ಮತ್ತೆ ಎಣಿಸಿಸುತ್ತೇನೆ.

ನನಗೆ ಬಹಳ ಇಷ್ಟವಾದದ್ದು ಮುಚ್ಚಿಡುವ ಆಟ. ಐದರಲ್ಲಿ ಮೂರು ಹೊರಗೆ, ಉಳಿದವು ಬಟ್ಟಲಿನಡಿ, ಒಳಗೆಷ್ಟು? ಬೆರಳು ಮಡಚಿ ಯೋಚಿಸುವ ಆ ಮುಖಗಳನ್ನು ನೋಡುವುದೇ ಒಂದು ಸಂತೋಷ. ಸ್ಲೇಟಿನ ಮೇಲೆ ಅಂಕಿ ತಿದ್ದಿಸುವುದು ಈ ವಾರ ಬೇಡ.

ಬೀಜ ಬಾಯಿಗೋ ಮೂಗಿಗೋ ಹೋಗಬಾರದು. ಇಬ್ಬರಿಗೆ ಒಂದು ಬಟ್ಟಲು, ಬೀಜ ಹತ್ತೇ. ಗಂಟೆ ಹೊಡೆಯುವ ಮೊದಲು ಮಕ್ಕಳೇ ಎಣಿಸಿ ನನಗೆ ಒಪ್ಪಿಸಬೇಕು.