ಮೀಟರ್ ನೋಡಿ ಎತ್ತಿಟ್ಟ ದುಡ್ಡು

ಬೈಕ್‌ನಲ್ಲಿ ಡೆಲಿವರಿ ಶುರು ಮಾಡಿದ ಹೊಸದರಲ್ಲಿ ನನ್ನ ಲೆಕ್ಕ ಸುಲಭವಾಗಿತ್ತು. ದಿನದ ಕಲೆಕ್ಷನ್‌ನಲ್ಲಿ ಪೆಟ್ರೋಲ್ ಕಳೆದರೆ ಉಳಿದದ್ದು ನಂದು. ಒಂದು ದಿನ ಹಿಂದಿನ ಟೈರ್ ಮತ್ತು ಚೈನ್ ಸೆಟ್ ಎರಡೂ ಒಟ್ಟಿಗೇ ಕೈಕೊಟ್ಟವು. 'ಇದು ಹಾಕಿಸಿ ಎಷ್ಟು ಕಿಲೋಮೀಟರ್ ಆಯ್ತು?' ಅಂತ ಮೆಕ್ಯಾನಿಕ್ ಕೇಳಿದರು. ನನಗೆ ಗೊತ್ತಿರಲಿಲ್ಲ. ಜೇಬಲ್ಲಿ ದುಡ್ಡೂ ಇರಲಿಲ್ಲ.

ಆಮೇಲೆ ಕೂತು ಲೆಕ್ಕ ಹಾಕಿದೆ. ಒಂದು ಸಾಮಾನ್ಯ ದಿನದ ಕಲೆಕ್ಷನ್ ನೂರು ಅಂತ ಇಟ್ಟುಕೊಳ್ಳಿ. ಆ ದಿನ ಗಾಡಿ ಓಡುವುದು 120 ಕಿಲೋಮೀಟರ್, ಆರ್ಡರ್ ಇಲ್ಲದ ಖಾಲಿ ಓಡಾಟವೂ ಸೇರಿ. ಹಿಂದಿನ ಟೈರ್ ನನ್ನ ಗಾಡಿಯಲ್ಲಿ ಸುಮಾರು 12,000 ಕಿಲೋಮೀಟರ್ ಬರುತ್ತದೆ, ಅಂದರೆ ನೂರು ದಿನ. ಅದರ ಬೆಲೆ ಎರಡು ದಿನದ ದುಡಿಮೆ. ಹಾಗಾದರೆ ಟೈರ್ ದಿನಕ್ಕೆ 2 ತಿನ್ನುತ್ತಿದೆ. ಆಯಿಲ್ 3,000ಕ್ಕೊಮ್ಮೆ ಬದಲಿಸುತ್ತೇನೆ, ಅದೂ 2. ಚೈನ್ ಸೆಟ್ 1. ಬ್ರೇಕ್ ಶೂ, ಪಂಕ್ಚರ್, ಕೇಬಲ್‌ಗೆ 1. ಬ್ಯಾಟರಿ, ಕ್ಲಚ್ ಪ್ಲೇಟ್‌ನಂಥ ದೊಡ್ಡ ಬಾಬ್ತಿಗೆ ಅಂದಾಜು 2. ಒಟ್ಟು 8. ಸುಲಭಕ್ಕೆ ಹೇಳುವುದಾದರೆ, ಪ್ರತಿ 15 ಕಿಲೋಮೀಟರ್‌ಗೆ ಒಂದು.

ನಾನು ಎಡವಿದ್ದು ಇದರ ನಂತರ. ಕಲೆಕ್ಷನ್‌ನಲ್ಲಿ ನೂರಕ್ಕೆ ಎಂಟರ ಹಾಗೆ ಒಂದು ಡಬ್ಬಿಯಲ್ಲಿ ಎತ್ತಿಡುತ್ತಿದ್ದೆ. ಆರ್ಡರ್ ಕಮ್ಮಿ ಇದ್ದ ದಿನ ಬಂದದ್ದು 60, ಎತ್ತಿಟ್ಟದ್ದು 5ಕ್ಕೂ ಕಮ್ಮಿ. ಆದರೆ ಆರ್ಡರ್ ಹುಡುಕಿಕೊಂಡು ಅಲೆದು ಅವತ್ತೇ ಗಾಡಿ 150 ಕಿಲೋಮೀಟರ್ ಓಡಿತ್ತು. ಟೈರ್‌ಗೆ ಕಲೆಕ್ಷನ್ ಎಷ್ಟಾಯಿತು ಅಂತ ಗೊತ್ತಾಗುತ್ತಾ? ಅದು ಸವೆದದ್ದು 150ರ ಲೆಕ್ಕಕ್ಕೆ. ಎತ್ತಿಡಬೇಕಿದ್ದದ್ದು 10. ಪೆಟ್ರೋಲ್‌ಗೆ ಸುಮಾರು 37 ಹೋದ ಮೇಲೆ ಮನೆಗೆ ಉಳಿಯುವುದು 13 ಅಷ್ಟೇ. ಬೇಜಾರಾಗುತ್ತದೆ, ಆದರೆ ನಿಜವಾದ ಗಳಿಕೆ ಅದೇ. ಈಗ ಆರ್ಡರ್ ಇಲ್ಲದಿದ್ದರೆ ಸುಮ್ನೆ ಸುತ್ತುವುದಿಲ್ಲ, ಒಂದು ಕಡೆ ಗಾಡಿ ನಿಲ್ಲಿಸಿ ಕಾಯುತ್ತೇನೆ.

ಪೆಟ್ರೋಲ್ ಲೆಕ್ಕಕ್ಕೆ ಫುಲ್ ಟ್ಯಾಂಕ್‌ನಿಂದ ಫುಲ್ ಟ್ಯಾಂಕ್‌ವರೆಗೆ ಓಡಿದ ಕಿಲೋಮೀಟರನ್ನು ಹಾಕಿಸಿದ ಲೀಟರ್‌ನಿಂದ ಭಾಗಿಸುತ್ತೇನೆ. ದಿನಾ ಇಷ್ಟಿಷ್ಟೇ ಹಾಕಿಸಿದರೆ ಇದು ತಿಳಿಯುವುದೇ ಇಲ್ಲ. ಒಮ್ಮೆ 48 ಇದ್ದ ಮೈಲೇಜ್ 40ಕ್ಕೆ ಇಳಿಯಿತು. ಅಂದರೆ ದಿನಕ್ಕೆ ಎರಡೂವರೆ ಲೀಟರ್ ಹೋಗಿ ಮೂರಾಯಿತು. ಗಾಳಿ ಸರಿ ಇತ್ತು, ಏರ್ ಫಿಲ್ಟರೂ ಶುಚಿ ಇತ್ತು. ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿದೆ, ಅರ್ಧ ಸುತ್ತಿಗೇ ನಿಂತಿತು. ಬ್ರೇಕ್ ಹಿಡಿದುಕೊಂಡಿತ್ತು. ಅಡ್ಜಸ್ಟ್ ಮಾಡಿಸಿದ್ದಕ್ಕೆ ಖರ್ಚು ಏನೂ ಇಲ್ಲ, ಬಿಟ್ಟಿದ್ದರೆ ಬ್ರೇಕ್ ಶೂ ಹೋಗುತ್ತಿತ್ತು.

ಕಳೆದ ಸಲ ಚೈನ್ ಸೆಟ್ ಬದಲಿಸಿದಾಗ ಡಬ್ಬಿಯ ದುಡ್ಡೇ ಸಾಕಾಯಿತು. ಆದರೆ ಗಾಡಿ ಗ್ಯಾರೇಜ್‌ನಲ್ಲಿದ್ದ ಎರಡು ದಿನ ದುಡಿಮೆ ಇರಲಿಲ್ಲ, ಮನೆ ಖರ್ಚಿಗೆ ಮತ್ತೆ ಕೈಸಾಲ. ಈಗ ಕಲೆಕ್ಷನ್ ನೂರು ದಾಟಿದ ದಿನ, ಗಾಡಿ ನಿಂತ ದಿನಗಳ ಮನೆ ಖರ್ಚಿಗೆ ಅಂತ ಬೇರೆಯಾಗಿ 5 ಎತ್ತಿಡುತ್ತಿದ್ದೇನೆ. ಇನ್ನೂ ಒಂದು ದಿನದ ಖರ್ಚಿನಷ್ಟೂ ಸೇರಿಲ್ಲ.