ಎರಡು ಲಾಗ್ ಅಂದರೆ ಎರಡು ಪರ್ಸೆಂಟಾ?

ಕುಡಿಯುವ ನೀರಿನ ಬಗ್ಗೆ ಒಂದು ಕಾನ್ಫರೆನ್ಸ್. ಸಿವಿಲ್ ಇಂಜಿನಿಯರುಗಳು, ಡಾಕ್ಟರುಗಳು, ಸಮಾಜಶಾಸ್ತ್ರದವರು, ನಮ್ಮಂಥ ಮೈಕ್ರೋಬಯಾಲಜಿಯವರು, ಎಲ್ಲರೂ ಬರುವಂಥದ್ದು. ಅಬ್‌ಸ್ಟ್ರಾಕ್ಟ್ 250 ಪದ ಮೀರುವಂತಿಲ್ಲ. ನನ್ನದು 248 ಇತ್ತು. ಕಳಿಸಲು ಇನ್ನೂ ಎರಡು ದಿನ ಇತ್ತು, ಕೆಲಸ ಮುಗಿಯಿತು ಅಂತ ಆರಾಮಾಗಿದ್ದೆ.

ಗೈಡ್ ಓದಿ, "ಇದನ್ನು ನಮ್ಮವರಲ್ಲದ ಯಾರಿಗಾದರೂ ಕೊಟ್ಟು ನೋಡಮ್ಮ" ಎಂದರು. "ಅರ್ಥವಾಯಿತಾ ಅಂತ ಕೇಳಬೇಡ, ಎಲ್ಲರೂ ಹೂಂ ಅಂತಾರೆ. ಓದಿಸಿ, ಹಾಳೆ ವಾಪಸ್ ಇಸ್ಕೊಂಡು, ಏನು ಓದಿದರು ಅಂತ ಹೇಳಿಸು."

ಹಾಸ್ಟೆಲ್‌ನಲ್ಲಿ ಪಕ್ಕದ ರೂಮಿನವಳು ಸಿವಿಲ್ ಇಂಜಿನಿಯರಿಂಗ್. ಅವಳ ರೂಮ್‌ಮೇಟ್ ಸಮಾಜಶಾಸ್ತ್ರ. ಇಬ್ಬರಿಗೂ ಒಂದೊಂದು ಪ್ರಿಂಟ್ ಮತ್ತು ಪೆನ್ಸಿಲ್ ಕೊಟ್ಟೆ. ಎಲ್ಲಿ ತಡವರಿಸುತ್ತೀರೋ ಅಲ್ಲಿ ಗೆರೆ ಎಳೆಯಿರಿ ಎಂದೆ.

ನನ್ನ ಕೆಲಸ ಏನು ಅಂತ ಮೊದಲು ಹೇಳಿಬಿಡುತ್ತೇನೆ. ನೀರಿನ ಪೈಪಿನ ಒಳಗೋಡೆಗೆ ಬ್ಯಾಕ್ಟೀರಿಯಾ ಅಂಟಿಕೊಂಡು, ತಮ್ಮ ಸುತ್ತ ಲೋಳೆ ಕಟ್ಟಿಕೊಂಡು ಬದುಕುತ್ತವೆ. ಆ ಪದರವೇ ಬಯೋಫಿಲ್ಮ್. ನೀರಿಗೆ ಹಾಕಿದ ಕ್ಲೋರಿನ್‌ನ ಒಂದಷ್ಟು ಭಾಗ ಲೋಳೆಯ ಜೊತೆಗೇ ವರ್ತಿಸಿ ಖರ್ಚಾಗುತ್ತದೆ. ಒಳಗಿರುವ ಬ್ಯಾಕ್ಟೀರಿಯಾಗೆ ಪೂರ್ತಿ ಪೆಟ್ಟು ಬೀಳುವುದಿಲ್ಲ. ಲ್ಯಾಬಿನಲ್ಲಿ ಪೈಪಿನ ತುಂಡುಗಳ ಮೇಲೆ ಈ ಪದರ ಬೆಳೆಸಿ, ಕ್ಲೋರಿನ್ ಹರಿಸಿ, ಏನಾಯಿತು ಅಂತ ನೋಡಿದ್ದೆ.

ಅಬ್‌ಸ್ಟ್ರಾಕ್ಟ್ ಇಂಗ್ಲಿಷಿನಲ್ಲಿತ್ತು. ಮುಖ್ಯ ವಾಕ್ಯ ಹೆಚ್ಚುಕಮ್ಮಿ ಹೀಗಿತ್ತು: "ಸಬ್‌ಲೀಥಲ್ ಆಕ್ಸಿಡೇಟಿವ್ ಸ್ಟ್ರೆಸ್‌ಗೆ ಒಳಗಾದ ಬಯೋಫಿಲ್ಮ್ ಕಮ್ಯೂನಿಟಿಯಲ್ಲಿ ಕಲ್ಚರಬಿಲಿಟಿ 2 ಲಾಗ್ ಇಳಿಯಿತು, ಆದರೆ ವಿಬಿಎನ್‌ಸಿ ಸಬ್‌ಪಾಪ್ಯುಲೇಷನ್ ಉಳಿಯಿತು."

ಇಬ್ಬರೂ ವಿಬಿಎನ್‌ಸಿ ಕೆಳಗೆ ಗೆರೆ ಎಳೆದಿದ್ದರು. ಅದು ನಾನು ನಿರೀಕ್ಷಿಸಿದ್ದೇ. ಗೊತ್ತಿಲ್ಲದ ಪದ ಬಂದರೆ ಓದುವವರು ನಿಲ್ಲುತ್ತಾರೆ, ಕೇಳುತ್ತಾರೆ. ಅಷ್ಟೇನೂ ಅಪಾಯ ಇಲ್ಲ. ನಿಜವಾದ ಎಡವಟ್ಟು ಆಗಿದ್ದು ಗೆರೆ ಬೀಳದ ಪದಗಳಲ್ಲಿ.

ಸಿವಿಲ್ ಗೆಳತಿ ತುಂಬಾ ಚೆನ್ನಾಗಿ ವಿವರಿಸಿದಳು. "ನೀರು ರಭಸವಾಗಿ ಹರಿದಾಗ ಗೋಡೆ ಮೇಲೆ ಸ್ಟ್ರೆಸ್ ಬೀಳುತ್ತಲ್ವಾ, ಅದರಿಂದ ಪದರ ಕಿತ್ತು ಬರುತ್ತೆ. ಒಂದಿಷ್ಟು ಮಾತ್ರ ಉಳ್ಕೊಳ್ಳುತ್ತೆ. ಅದನ್ನೇ ತಾನೇ ನೀನು ಅಳೆದಿದ್ದು?" ನಾನು ಹೇಳಿದ್ದು ಕ್ಲೋರಿನ್‌ನಿಂದ ಕೋಶಕ್ಕೆ ಆಗುವ ರಾಸಾಯನಿಕ ಪೆಟ್ಟು. ಅವಳಿಗೆ ಸ್ಟ್ರೆಸ್ ಅಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು. ತಮಾಷೆ ಏನೆಂದರೆ ಅವಳು ಹೇಳಿದ್ದೂ ನಿಜವೇ. ಹರಿವಿನ ರಭಸಕ್ಕೆ ಬಯೋಫಿಲ್ಮ್ ಕಿತ್ತು ಬರುತ್ತದೆ. ಹಾಗಾಗಿ ಅವಳಿಗೆ ಎಲ್ಲೂ ಅನುಮಾನವೇ ಬಂದಿರಲಿಲ್ಲ. ನಾನು ಮಾಡದೇ ಇದ್ದ ಪ್ರಯೋಗ ಅವಳ ತಲೆಯಲ್ಲಿ ಸೊಗಸಾಗಿ ಕೂತಿತ್ತು.

ಸಮಾಜಶಾಸ್ತ್ರದವಳದ್ದು ಇನ್ನೊಂದು ಕಥೆ. ಕಮ್ಯೂನಿಟಿ ಅಂದ ಕೂಡಲೇ ಅವಳ ಕಣ್ಣ ಮುಂದೆ ಜನ ಬಂದಿದ್ದರು. ಎರಡನೇ ಸಲ ಓದಿದಾಗ ಬ್ಯಾಕ್ಟೀರಿಯಾ ಅಂತ ಗೊತ್ತಾಯಿತಂತೆ. "ಆದರೆ ಬರೀ 2 ಲಾಗ್ ಇಳಿದಿದ್ದಕ್ಕೆ ಇಷ್ಟೊಂದು ಯಾಕೆ ಹೇಳ್ತಿದ್ದೀಯ? ಎರಡು ಪರ್ಸೆಂಟ್ ಅಂದ್ರೆ ಏನೂ ಇಲ್ಲ ಅಲ್ವಾ?"

ನಾನು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಒಂದು ಲಾಗ್ ಇಳಿದರೆ ಹತ್ತರಲ್ಲಿ ಒಂದು ಉಳಿಯಿತು ಅಂತ. ಎರಡು ಲಾಗ್ ಅಂದರೆ ನೂರರಲ್ಲಿ ಒಂದು. ಇಳಿದದ್ದು 99 ಪರ್ಸೆಂಟ್. ಅವಳು ಓದಿಕೊಂಡದ್ದು 2.

ರಾತ್ರಿ ತಿದ್ದಲು ಕೂತೆ. ಸ್ಟ್ರೆಸ್ ಹೋಗಿ "ಕ್ಲೋರಿನ್ ಹಾಕಿದಾಗ" ಬಂತು. ಕಮ್ಯೂನಿಟಿ ಹೋಗಿ "ಒಟ್ಟಿಗೆ ಬೆಳೆದ ಹಲವು ಬಗೆಯ ಬ್ಯಾಕ್ಟೀರಿಯಾ". ಲಾಗ್ ಜಾಗದಲ್ಲಿ "ನೂರರಲ್ಲಿ ಒಂದು ಮಾತ್ರ". ಬಯೋಫಿಲ್ಮ್ ಪದವನ್ನು ಮಾತ್ರ ಬಿಡಲಿಲ್ಲ. ಅದಕ್ಕೆ ಬದಲಿ ಪದವಿಲ್ಲ, ನೀರಿನ ಕೆಲಸದವರು ಮುಂದೆಯೂ ಅದನ್ನು ಕೇಳುತ್ತಲೇ ಇರುತ್ತಾರೆ. ಮೊದಲ ಸಲ ಬಂದ ಕಡೆ ಅರ್ಧ ಸಾಲಿನ ವಿವರಣೆ ಕೊಟ್ಟೆ.

ಪದ ಲೆಕ್ಕ 311ಕ್ಕೆ ಏರಿತು. ಸರಳ ಮಾತಿಗೆ ಜಾಗ ಜಾಸ್ತಿ ಬೇಕು. ಏನು ಕಡಿಯೋದು? ಬ್ಯಾಕ್ಟೀರಿಯಾದ ಗುರುತು ಹಿಡಿದ ವಿಧಾನ, ಬ್ಯಾಕ್ಟೀರಿಯಾ ಬೆಳೆಸಿ ಎಣಿಸುವ ಪ್ಲೇಟಿಗೆ ಬಳಸಿದ ಅಗಾರ್ ಹೆಸರು, ಸಿಕ್ಕ ಆರು ಜಾತಿಗಳ ಪಟ್ಟಿ, ಎಲ್ಲ ತೆಗೆದೆ. ಜಾತಿಗಳ ಪಟ್ಟಿ ತೆಗೆಯುವಾಗ ಹೊಟ್ಟೆ ಉರಿಯಿತು, ಸುಳ್ಳು ಹೇಳಲ್ಲ. ಅದಕ್ಕೆ ಮೂರು ತಿಂಗಳು ಹಿಡಿದಿತ್ತು. ವಿಬಿಎನ್‌ಸಿಯನ್ನು ಕೀವರ್ಡ್‌ಗಳ ಸಾಲಿಗೆ ಹಾಕಿದೆ. ನಮ್ಮ ಕ್ಷೇತ್ರದವರು ಹುಡುಕಿದರೆ ಸಿಗಲಿ ಅಂತ.

ಆ ವಿಬಿಎನ್‌ಸಿ ಅನ್ನುವುದಕ್ಕೆ ಸರಳ ಮಾತು ಬರೆಯುವಾಗಲೇ ಸಿಕ್ಕಿಹಾಕಿಕೊಂಡದ್ದು. ಅದರ ಅರ್ಥ, ಜೀವ ಇದೆ ಆದರೆ ಪ್ಲೇಟಿನ ಮೇಲೆ ಬೆಳೆಯುವುದಿಲ್ಲ. ಹಾಗಾಗಿ ಬರೆದೆ: "ಪ್ಲೇಟಿನ ಮೇಲೆ ಬೆಳೆಯಬಲ್ಲವು ನೂರರಲ್ಲಿ ಒಂದು ಮಾತ್ರ ಉಳಿದವು, ಆದರೆ ಸುಮಾರು ಅರ್ಧದಷ್ಟು ಬ್ಯಾಕ್ಟೀರಿಯಾ ಬದುಕಿದ್ದವು." ಓದಲು ಏನು ಚಂದ!

ಬೆಳಗ್ಗೆ ಲ್ಯಾಬಿನಲ್ಲಿ ಸೀನಿಯರ್ ಒಬ್ಬರಿಗೆ ತೋರಿಸಿದೆ. ಅವರು ಹಳೆಯ ವಾಕ್ಯವನ್ನು ವಾರದ ಹಿಂದೆಯೇ ಓದಿ ಸರಿ ಅಂದಿದ್ದರು. ಹೊಸದನ್ನು ಓದಿ ತಲೆ ಎತ್ತಿದರು.

"ಬದುಕಿದ್ದವು ಅಂತ ನಿನಗೆ ಹೇಗೆ ಗೊತ್ತು?"

"ಬಣ್ಣ ಹಾಕಿ ನೋಡಿದ್ದೆನಲ್ಲ ಅಣ್ಣ. ಅರ್ಧ ಹಸಿರು ಇದ್ದವು."

"ಹಸಿರು ಅಂದ್ರೆ?"

ಅಲ್ಲಿ ನನ್ನ ಬಾಯಿ ಕಟ್ಟಿತು. ನಾವು ಹಾಕುವುದು ಎರಡು ಬಣ್ಣ. ಹಸಿರು ಎಲ್ಲ ಕೋಶಗಳ ಒಳಗೂ ಹೋಗುತ್ತದೆ. ಕೆಂಪು ಹೊರಪೊರೆ ಹರಿದ ಕೋಶಕ್ಕೆ ಮಾತ್ರ ನುಗ್ಗುತ್ತದೆ. ಅಂದರೆ ಹಸಿರಾಗಿ ಕಂಡದ್ದರ ಪೊರೆ ಹರಿದಿಲ್ಲ, ಅಷ್ಟೇ. ಪೊರೆ ಗಟ್ಟಿ ಇದ್ದೂ ಒಳಗೆ ಕ್ಲೋರಿನ್ ಕೆಲಸ ಮುಗಿಸಿರಬಹುದು. ಬಾಗಿಲು ಮುರಿದಿಲ್ಲ ಅಂದ ಮಾತ್ರಕ್ಕೆ ಮನೆಯೊಳಗೆ ಜನ ಇದ್ದಾರೆ ಅನ್ನೋಕಾಗುತ್ತಾ?

ನಾಲ್ಕಕ್ಷರದ ಆ ಹೆಸರಿನ ಹಿಂದೆ ನನ್ನ ಅತಿಮಾತು ಅಡಗಿ ಕೂತಿತ್ತು. ನಾವೆಲ್ಲ ಬಳಸಿ ಬಳಸಿ ಅದರ ಮೊದಲ ಅಕ್ಷರ "ಜೀವ ಇದೆ" ಅಂತ ಹೇಳುತ್ತಿದೆ ಅನ್ನುವುದನ್ನೇ ಮರೆತಿದ್ದೆವು. ಗೈಡೂ ಓದಿದ್ದರು, ಸೀನಿಯರೂ ಓದಿದ್ದರು. ಯಾರಿಗೂ ಹೊಳೆದಿರಲಿಲ್ಲ.

ವಾಕ್ಯ ಮತ್ತೆ ಬದಲಾಯಿತು: "ಆದರೆ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಸುಮಾರು ಅರ್ಧದಷ್ಟು ಕೋಶಗಳ ಹೊರಪೊರೆ ಹರಿದಿರಲಿಲ್ಲ, ಇವುಗಳಲ್ಲಿ ಕೆಲವು ಬದುಕಿರಬಹುದು." ಕೀವರ್ಡ್ ಸಾಲಿನಿಂದ ವಿಬಿಎನ್‌ಸಿಯನ್ನೂ ತೆಗೆದೆ. ಪ್ಲೇಟ್ ಎಣಿಕೆಯೊಂದನ್ನೇ ನಂಬಿದರೆ ಕ್ಲೋರಿನ್‌ನ ಪರಿಣಾಮ ಜಾಸ್ತಿ ಅನಿಸಬಹುದು ಅನ್ನುವ ಕೊನೆಯ ಸಾಲು ಮಾತ್ರ ಹಾಗೇ ಉಳಿಯಿತು. ಆ ಮಾತಿಗೆ "ಬದುಕಿರಬಹುದು" ಅನ್ನುವುದೇ ಸಾಕಿತ್ತು.

ಸಂಜೆ ಹಾಸ್ಟೆಲ್‌ನಲ್ಲಿ ಅದೇ ಇಬ್ಬರಿಗೆ ಮತ್ತೆ ಓದಿಸಿದೆ. ಒಮ್ಮೆ ಓದಿದವರಾದ್ದರಿಂದ ಇದು ಸರಿಯಾದ ಪರೀಕ್ಷೆ ಅಲ್ಲ, ಗೊತ್ತು. ಹೊಸಬರನ್ನು ಹುಡುಕಲು ಸಮಯ ಇರಲಿಲ್ಲ. ಸಿವಿಲ್ ಗೆಳತಿ ಈ ಸಲ ಕ್ಲೋರಿನ್ ಕಥೆಯನ್ನೇ ಹೇಳಿದಳು. ಸಮಾಜಶಾಸ್ತ್ರದವಳು ಹಾಳೆ ವಾಪಸ್ ಕೊಡುತ್ತಾ, "ಬದುಕಿರಬಹುದು ಅಂತ ಬರ್ದಿದ್ದೀಯಲ್ಲ, ಇದ್ಯೋ ಇಲ್ವೋ ಅಂತ ನೋಡೋಕೆ ಆಗಲ್ವಾ?" ಎಂದಳು.

ಆಗುತ್ತದೆ. ಕ್ಲೋರಿನ್ ತಟಸ್ಥಗೊಳಿಸಿ, ಹೊಸ ಆಹಾರ ಕೊಟ್ಟು, ಎದ್ದು ಬರುತ್ತವಾ ಅಂತ ಕಾಯಬೇಕು. ತೊಡಕು ಏನೆಂದರೆ ಆ ನೂರರಲ್ಲೊಂದು ಗಟ್ಟಿಗ ಇದೆಯಲ್ಲ, ಅದೊಂದೇ ಮರಿ ಹಾಕಿ ಟ್ಯೂಬ್ ತುಂಬಿಸಿದರೂ ಎಲ್ಲ ಎದ್ದು ಬಂದಂತೆ ಕಾಣುತ್ತದೆ. ಅದಕ್ಕೇ ಹತ್ತು ಟ್ಯೂಬಿಗೆ ಅಂಥ ಒಂದೇ ಸಿಗುವಷ್ಟು ತೆಳ್ಳಗೆ ಮಾಡಿಕೊಳ್ಳಬೇಕು. ಹಸಿರು ಕೋಶಗಳಾದರೆ ಆಗಲೂ ಹೆಚ್ಚುಕಮ್ಮಿ ಎಲ್ಲ ಟ್ಯೂಬಿನಲ್ಲೂ ಇರುತ್ತವೆ. ಆಮೇಲೆ ಬ್ಯಾಕ್ಟೀರಿಯಾ ಬೆಳೆದು ಒಂದೋ ಎರಡೋ ಟ್ಯೂಬ್ ಮಾತ್ರ ಕದಡಿದರೆ ಅದು ಗಟ್ಟಿಗರ ಕೆಲಸ. ಹೆಚ್ಚಿನವು ಕದಡಿದರೆ ಹಸಿರು ಕೋಶಗಳು ಎದ್ದಿವೆ.

249 ಪದ. ಅಬ್‌ಸ್ಟ್ರಾಕ್ಟ್ ಕಳಿಸಿ, ಮರುದಿನಕ್ಕೆ ಬೇಕಾದ ಟ್ಯೂಬುಗಳನ್ನು ಎಣಿಸಿಡಲು ಲ್ಯಾಬಿಗೆ ಹೋದೆ.