ಆ ‘ಅವರು’ ಯಾರು?

ಶಿರಸಿಯಲ್ಲಿ ಮಳೆ ಹಿಡಿದರೆ ಕರೆಂಟು ನಂಬುವ ಹಾಗಿಲ್ಲ. ಅದಕ್ಕೇ ಆ ಪ್ರೈವೆಸಿ ಪಾಲಿಸಿಯನ್ನು ಪ್ರಿಂಟ್ ಹಾಕಿಸಿಕೊಂಡು ಜಗಲಿಯಲ್ಲಿ ಕೂತಿದ್ದೆ. ಕಾರವಾರದ ಕಡೆ ಹೋಂಸ್ಟೇ ಬುಕಿಂಗ್ ಮಾಡಿಸುವ ಸಣ್ಣ ಆ್ಯಪ್‌ನದ್ದು, ಏಳು ಪುಟ. ಅಕ್ಕನ ಮಗ ಅಲ್ಲಿ ಕೆಲಸ ಮಾಡುತ್ತಾನೆ. ‘ಮಾವ, ಸುಮ್ನೆ ಒಂದ್ಸಲ ಕಣ್ಣಾಡಿಸಿ ಕೊಡು, ಕಾಗುಣಿತ ನೋಡಿದ್ರೆ ಸಾಕು’ ಅಂದಿದ್ದ.

ಕಾಗುಣಿತ ಸರಿಯಾಗೇ ಇತ್ತು. ಆದರೆ ಮೊದಲ ಪುಟದ ‘ನೀವು’ ಎರಡನೆಯದರಲ್ಲಿ ‘ಬಳಕೆದಾರರು’ ಆಗಿ, ಮುಂದೆ ‘ಗ್ರಾಹಕರು’ ಆಗಿ, ಒಂದು ಕಡೆ ‘ಸದಸ್ಯರು’ ಕೂಡ ಆಗಿದ್ದರು. ಅವರು ಕೊಡುವುದು ಒಮ್ಮೆ ಮಾಹಿತಿ, ಒಮ್ಮೆ ವಿವರ, ಇನ್ನೊಮ್ಮೆ ದತ್ತಾಂಶ. ಕತೆಯಲ್ಲಾದರೆ ಒಂದೇ ಪದ ಮತ್ತೆ ಮತ್ತೆ ಬಂದರೆ ಬೇಜಾರು. ಇಲ್ಲಿ ಪದ ಬದಲಾದರೇ ತಕರಾರು. ‘ಮಾಹಿತಿ’ ಅಳಿಸುತ್ತೇವೆ ಅಂದಿದ್ದಾರೆ, ಹಾಗಾದರೆ ‘ದತ್ತಾಂಶ’ ಉಳಿಯುತ್ತದಾ?

ಕರೆಂಟು ಬಂದ ಮೇಲೆ ಕಂಪ್ಯೂಟರಿನಲ್ಲಿ ಒಂದೇ ಏಟಿಗೆ ಎಲ್ಲ ‘ಮಾಹಿತಿ’ಯನ್ನೂ ‘ಡೇಟಾ’ ಮಾಡಿದೆ, ‘ಗ್ರಾಹಕ’ರನ್ನೆಲ್ಲ ‘ಅತಿಥಿ’ ಮಾಡಿದೆ. ಆಮೇಲೆ ಓದಿದರೆ 2000ದ ‘ಡೇಟಾ ತಂತ್ರಜ್ಞಾನ ಕಾಯ್ದೆ’, 2019ರ ‘ಅತಿಥಿ ಸಂರಕ್ಷಣಾ ಕಾಯ್ದೆ’! ಎಲ್ಲ ವಾಪಸ್ ತಿರುಗಿಸಿ, ಒಂದೊಂದೇ ನೋಡಿ ಬದಲಿಸುವುದರಲ್ಲಿ ಮಧ್ಯಾಹ್ನ ಕಳೆಯಿತು.

ನಿಜವಾದ ಗಂಟು ಮೂರನೇ ಪುಟದಲ್ಲಿತ್ತು. ‘ಬಳಕೆದಾರರು ಗುರುತಿನ ಚೀಟಿ ನೀಡಿದ್ದು, ಅವರು ತಮ್ಮ ದಾಖಲೆಗಾಗಿ ಅದರ ಪ್ರತಿ ಇಟ್ಟುಕೊಳ್ಳುತ್ತಾರೆ.’ ಈ ‘ಅವರು’ ಯಾರು? ವಾಕ್ಯದ ಪ್ರಕಾರ ಬಳಕೆದಾರರೇ. ಅಂದರೆ ಚೀಟಿ ಕೊಟ್ಟವನೇ ಪ್ರತಿ ಇಟ್ಟುಕೊಳ್ಳಬೇಕು! ‘ತಮ್ಮ’ ಇನ್ನೂ ತಂಟೆಯ ಪದ. ಅವರ ಸ್ವಂತದ್ದು ಅಂತಲೂ ಆಗುತ್ತದೆ, ಮರ್ಯಾದೆ ಕೊಟ್ಟು ‘ನಿಮ್ಮ’ ಅಂದ ಹಾಗೂ ಆಗುತ್ತದೆ. ಸಾಲದ್ದಕ್ಕೆ ಈ ಆ್ಯಪ್ ಬಳಸುವುದು ಬರುವ ಅತಿಥಿ ಮಾತ್ರ ಅಲ್ಲ, ಮನೆ ಕೊಡುವವರೂ ಬಳಸುತ್ತಾರೆ. ಇಬ್ಬರೂ ‘ಬಳಕೆದಾರರು’.

ಫೋನ್ ಮಾಡಿದೆ. ‘ಪ್ರತಿ ಇಟ್ಕೊಳ್ಳೋದು ಹೋಂಸ್ಟೇಯವರು ಮಾವ, ನಾವಲ್ಲ’ ಅಂದ.

‘ಹಂಗಾದ್ರೆ ಐದನೇ ಪುಟದಲ್ಲಿ ನಾವು ಎಲ್ಲ ಅಳಿಸುತ್ತೇವೆ ಅಂತ ಬರ್ದಿದ್ದೀರಲ್ಲ?’

‘ನಮ್ಮ ಸರ್ವರ್‌ನಲ್ಲಿ ಇರೋದು.’

‘ಅದನ್ನೇ ಬರಿ.’

ಕ್ರಿಯಾಪದಗಳ ಕತೆಯೂ ಹೀಗೇ. ಒಂದು ಕಡೆ ‘ಸಂಗ್ರಹಿಸುತ್ತೇವೆ’, ಇನ್ನೊಂದು ಕಡೆ ‘ಸಂಗ್ರಹಿಸಲಾಗುವುದು’, ಮತ್ತೊಂದು ಕಡೆ ‘ಸಂಗ್ರಹಿಸಲಾಗಿದೆ’. ಎಲ್ಲವನ್ನೂ ‘-ತ್ತೇವೆ’ ಮಾಡಿದರೆ ಮುಗಿಯಿತು ಅಂದುಕೊಂಡೆ. ಮುಗಿಯಲಿಲ್ಲ. ‘ಫೋನ್ ಇರುವ ಜಾಗವನ್ನು ದಾಖಲಿಸಲಾಗುವುದು’ ಅಂತ ಇತ್ತು. ಕೇಳಿದರೆ ಆ ಸೌಲಭ್ಯ ಇನ್ನೂ ಬಂದೇ ಇಲ್ಲವಂತೆ, ಮುಂದೆ ಮಾಡಿದರೆ ಇರಲಿ ಅಂತ ಈಗಲೇ ಸೇರಿಸಿದ್ದಂತೆ. ನಾನು ‘ದಾಖಲಿಸುತ್ತೇವೆ’ ಅಂತ ತಿದ್ದಿದ್ದರೆ ಸುಳ್ಳೇ ಆಗುತ್ತಿತ್ತು. ಆ ಸಾಲನ್ನೇ ತೆಗೆಸಿದೆ, ಸೌಲಭ್ಯ ಬಂದ ದಿನ ಹಾಕಿಕೊಳ್ಳಲಿ.

ನಮ್ಮ ‘ಅಳಿಸುತ್ತೇವೆ’ ಎಂಬುದು ದಿನಾ ನಡೆಯುವುದಕ್ಕೂ ಸರಿ, ನಾಳೆ ಮಾಡುವುದಕ್ಕೂ ಸರಿ. ಕಾಲ ಹೇಳದಿದ್ದರೆ ಅದು ಕೈಗೆ ಸಿಗುವುದಿಲ್ಲ. ಹಾಗಾಗಿ ‘ನೀವು ಕೇಳಿದ 30 ದಿನದೊಳಗೆ ನಮ್ಮ ಸರ್ವರ್‌ನಿಂದ ಅಳಿಸುತ್ತೇವೆ’ ಎಂದಾಯಿತು. 30 ದಿನ ಅವರೇ ಹೇಳಿದ್ದು, ನನ್ನದಲ್ಲ. ‘ನೀವು ಈಗಾಗಲೇ ಒಪ್ಪಿಗೆ ನೀಡಿದ್ದೀರಿ’ ಎಂಬುದನ್ನು ಮಾತ್ರ ಕೇಳದೇ ಹೊಡೆದು ಹಾಕಿದೆ. ಓದುವ ಮೊದಲೇ ಒಪ್ಪಿಗೆ ಎಲ್ಲಿಂದ ಬಂತು? ವೈಯಕ್ತಿಕ ಡೇಟಾದ 2023ರ ಕಾಯ್ದೆ ಒಪ್ಪಿಗೆಯನ್ನು ಸರಳ ಭಾಷೆಯಲ್ಲಿ ಕೇಳಬೇಕು ಎನ್ನುತ್ತದೆ. ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಯಲ್ಲಿ ಓದುವ ಆಯ್ಕೆಯನ್ನೂ ಕೊಡಬೇಕು, ಅದರಲ್ಲಿ ಕನ್ನಡವೂ ಉಂಟು. ಅದೇ ಕಾಯ್ದೆಯ ಇಂಗ್ಲಿಷ್ ಪಠ್ಯ ವ್ಯಕ್ತಿಯನ್ನು ‘ಆಕೆ’ ಎಂದೇ ಕರೆದು, ಹೆಣ್ಣು ಗಂಡು ಯಾರಾದರೂ ಸರಿ ಎಂದು ಅರ್ಥ ಕೊಟ್ಟಿದೆ. ನಮಗೆ ಆ ಕಷ್ಟ ಇಲ್ಲ, ‘ನೀವು’ ಸಾಕು.

ಕೊನೆಗೆ ಹೀಗೆ ನಿಂತಿತು: ಓದುವ ಅತಿಥಿ ‘ನೀವು’, ಆ್ಯಪ್‌ನವರು ‘ನಾವು’, ಮನೆ ಕೊಡುವವರು ‘ಹೋಂಸ್ಟೇ ಮಾಲೀಕರು’. ಮೂರನೇ ಪುಟದ ವಾಕ್ಯ, ‘ನೀವು ಬಂದಿಳಿದಾಗ ಹೋಂಸ್ಟೇ ಮಾಲೀಕರು ನಿಮ್ಮ ಗುರುತಿನ ಚೀಟಿಯ ಪ್ರತಿ ತೆಗೆದುಕೊಳ್ಳುತ್ತಾರೆ. ಆ ಪ್ರತಿ ಅವರ ಬಳಿ ಇರುತ್ತದೆ, ನಮ್ಮ ಬಳಿ ಅಲ್ಲ.’ ಉದ್ದವಾಯಿತು, ಆಗಲಿ.

ಮುಂದಿನ ವಾರ ಕಾರವಾರಕ್ಕೆ ಹೋದವನು ಮಾಜಾಳಿಯಲ್ಲಿ ಆ ಆ್ಯಪ್‌ನಲ್ಲಿರುವ ಒಂದು ಮನೆಗೆ ಹೋದೆ. ಅಲ್ಲಿಯ ಅಕ್ಕ ಕೊಂಕಣಿಯವರು, ಕನ್ನಡ ಚೆನ್ನಾಗಿ ಓದುತ್ತಾರೆ. ಹಳೆಯದನ್ನು ಕೊಟ್ಟೆ. ಓದಿ ತಲೆಯಾಡಿಸಿ, ‘ಹ್ಞಾಂ, ಎಲ್ಲ ಕಂಪನಿಯವರೇ ನೋಡಿಕೊಳ್ತಾರೆ’ ಅಂದರು. ಹೊಸದನ್ನು ಕೊಟ್ಟೆ. ಮೂರನೇ ಪುಟದಲ್ಲಿ ಬೆರಳು ನಿಂತಿತು.

‘ನಮ್ಮ ಬಳಿ ಅಂತ ಬರ್ದಿದ್ದಾರಲ್ಲ?’

‘ಅದು ಕಂಪನಿಯವರು, ಅಕ್ಕ. ಹೋಂಸ್ಟೇ ಮಾಲೀಕರು ಅಂದ್ರೆ ನೀವು.’

ಸ್ವಲ್ಪ ಹೊತ್ತು ಸುಮ್ಮನಿದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ಬಿಸ್ಕತ್ತಿನ ಡಬ್ಬಿ. ತುಂಬ ಆಧಾರ್ ಜೆರಾಕ್ಸು, ಮೂರು ವರ್ಷದ್ದು, ಮಳೆಗಾಲದ ತೇವಕ್ಕೆ ಒಂದಕ್ಕೊಂದು ಅಂಟಿಕೊಂಡಿತ್ತು.

‘ಮತ್ತೆ ಇದನ್ನ ಎಂತ ಮಾಡೋದು?’ ಅಂದರು.

ಮನೆಗೆ ಬರುವ ದಾರಿಯಲ್ಲೇ ಅಕ್ಕನ ಮಗನಿಗೆ ಫೋನ್ ಮಾಡಿದೆ. ಮಾಲೀಕರು ಎಷ್ಟು ದಿನ ಇಟ್ಟುಕೊಳ್ಳಬೇಕು, ಆಮೇಲೆ ಯಾರು ಹರಿಯಬೇಕು ಎಂಬ ಒಂದು ಸಾಲು ಇನ್ನೂ ಬರಬೇಕಿದೆ.